ನಮ್ಮೂರ ಬ್ಯಾಂಕುಗಳಿಗೆ ಇಸವಿ ಹಾಕಿದ ಕಥೆ

1/9

ಫೋಟೋ ನೋಡಿ ಫಸ್ಟ್. ಬ್ಲ್ಯಾಕ್ ಆ್ಯಂಡ್ ವೈಟ್. ಭುಜಕ್ಕೆ ಚೀಲ ಹಾಕ್ಕೊಂಡು, ಬ್ಯಾಂಕಿನ ಬಾಗಿಲ ಎದುರು ನಿಂತಿರುವ ಸಪೂರ ಹುಡುಗ ನನ್ನ ಅಜ್ಜ. ಪಿಗ್ಮಿ ಏಜೆಂಟ್ ಆಗಿದ್ದರು. ತಲೆಯ ಮೇಲೆ ಬೋರ್ಡ್ ಅರ್ಧ ಕಾಣ್ತದೆ: "...ಕೇಟ್ ಬ್ಯಾಂಕ್ ಲಿ." ಹಿಂದೆ ತಿರುಗಿಸಿದರೆ ಸ್ಟುಡಿಯೋ ಸೀಲ್ ಇಲ್ಲ, ತಾರೀಕೂ ಇಲ್ಲ.

ಅಜ್ಜ ಹೋಗಿ ಒಂದು ವರ್ಷ ಆಗ್ತಾ ಬಂತು. ಅಜ್ಜಿಗೆ ಈ ಫೋಟೋ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಬೇಕು, ಕೆಳಗೆ ಹೆಸರು ಮತ್ತು ಇಸವಿ ಇರಬೇಕು. ಇಸವಿ ಯಾವುದು? ದೊಡ್ಡಪ್ಪ ಹೇಳ್ತಾರೆ, "1969. ಬ್ಯಾಂಕ್ ಸರ್ಕಾರದ್ದಾದ ದಿನ ತೆಗೆದದ್ದು ಅಂತ ಅಪ್ಪನೇ ಹೇಳಿದ್ದು." ಅತ್ತೆ ಹೇಳ್ತಾರೆ, "ಎಂತ ಇಲ್ಲ ಅಣ್ಣ, 1971. ನಾನು ಹುಟ್ಟಿದ ವರ್ಷ." ಇಬ್ಬರೂ ಬಿಡುವವರಲ್ಲ.

ಅದೇ ವಾರ ಕಾಲೇಜಲ್ಲಿ ಇನ್ನೊಂದು ತಲೆನೋವು. ನಮ್ಮ ಕಾಮರ್ಸ್ ವಿಭಾಗದ ಗೋಡೆ ಪತ್ರಿಕೆಗೆ "ಕರ್ನಾಟಕದ ಬ್ಯಾಂಕುಗಳ ಇತಿಹಾಸ" ಅಂತ ಒಂದು ಪುಟ. ನಾಲ್ಕು ಜನ ವಾಟ್ಸಾಪಲ್ಲಿ ಸಿಕ್ಕಿದ್ದನ್ನೆಲ್ಲ ನನಗೆ ಎಸೆದರು, ಸಾಲಾಗಿ ಜೋಡಿಸುವ ಕೆಲಸ ನನ್ನದು. ಬಂದ ಪಟ್ಟಿ ಹೀಗಿತ್ತು, ಒಂದಕ್ಷರ ತಿದ್ದದೆ ಹಾಕ್ತಿದ್ದೇನೆ:

ವಿಜಯಾ ಬ್ಯಾಂಕ್ ವಿಲೀನ
ಕೆನರಾ ಬ್ಯಾಂಕ್ ಶುರು
14 ಬ್ಯಾಂಕ್ ರಾಷ್ಟ್ರೀಕರಣ
ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಶುರು
ಕರ್ನಾಟಕ ಬ್ಯಾಂಕ್ ಶುರು
ಸುಪ್ರೀಂ ಕೋರ್ಟ್ ತೀರ್ಪು
ಪಿಗ್ಮಿ ಶುರು
ಸಿಂಡಿಕೇಟ್ ವಿಲೀನ, ಕಾರ್ಪೊರೇಷನ್ ವಿಲೀನ
6 ಬ್ಯಾಂಕ್ ರಾಷ್ಟ್ರೀಕರಣ
ರಾಷ್ಟ್ರೀಕರಣ ಕಾಯ್ದೆ
ಕಾರ್ಪೊರೇಷನ್ ಬ್ಯಾಂಕ್ ಶುರು
ವಿಜಯಾ ಶುರು, ಸಿಂಡಿಕೇಟ್ ಶುರು
ಮೈಸೂರು ಬ್ಯಾಂಕ್ ಎಸ್‌ಬಿಐಗೆ ಸೇರಿದ್ದು
1969: ನಮ್ಮ ಐದೂ ಬ್ಯಾಂಕ್ ರಾಷ್ಟ್ರೀಕರಣ

ಇದನ್ನು ಇಸವಿ ಪ್ರಕಾರ ಜೋಡಿಸಿದರೆ ಅಜ್ಜನ ಫೋಟೋಗೂ ಒಂದು ಜಾಗ ಸಿಗಬಹುದು ಅನ್ನಿಸ್ತು. ಹಾಗಾಗಿ ಈ ಸೀರೀಸ್. ಕೊನೆಯ ಸಾಲು ನೆನಪಿಟ್ಕೊಳ್ಳಿ, ಅದರ ಗ್ರಹಚಾರ ಆಮೇಲೆ ಬಿಡಿಸುವ.

2/9

ಫಸ್ಟ್ ನಾನು ಮಾಡಿದ ದಡ್ಡತನ ಹೇಳಿಬಿಡ್ತೇನೆ.

ಬಿಕಾಂ ಅಲ್ವಾ, ಕೈ ಸೀದಾ ಸ್ಪ್ರೆಡ್‌ಶೀಟಿಗೆ ಹೋಯ್ತು. ಒಂದು ಕಾಲಂನಲ್ಲಿ ಘಟನೆ, ಒಂದರಲ್ಲಿ ತಾರೀಕು. ಪೂರ್ತಿ ತಾರೀಕು ಸಿಕ್ಕಿದ್ದಕ್ಕೆ ಪೂರ್ತಿ ಹಾಕಿದೆ, ಬರೀ ಇಸವಿ ಗೊತ್ತಿದ್ದಲ್ಲಿ 1925 ಅಂತ ಮಾತ್ರ ಹಾಕಿದೆ. ಸಾರ್ಟ್ ಒತ್ತಿದೆ. ಎರಡು ಸೆಕೆಂಡಲ್ಲಿ ಮುಗೀತು ಅಂದ್ಕೊಂಡೆ.

ಪಟ್ಟಿಯ ತುದಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಬಂದು ಕೂತಿತ್ತು! 1906ರ ಕೆನರಾಕ್ಕಿಂತ ಮೇಲೆ. ಎದುರಲ್ಲಿ ತಾರೀಕು 08-04-1905. ಯಾರಪ್ಪ ಇದನ್ನು ಬರೆದದ್ದು? ನಾನಂತೂ ಅಲ್ಲ.

ಆಗಿದ್ದು ಇಷ್ಟು. ಸ್ಪ್ರೆಡ್‌ಶೀಟಿಗೆ ತಾರೀಕು ಅಂದರೆ ಒಳಗೆ ಒಂದು ಸಂಖ್ಯೆ ಮಾತ್ರ. 1900ನೇ ಇಸವಿ ಜನವರಿ 1 ಅಂದರೆ 1, ಮಾರನೇ ದಿನ 2, ಹೀಗೆ ದಿನ ಎಣಿಸ್ತಾ ಹೋಗ್ತದೆ. ಕಾಲಂ ಅನ್ನು ನಾನು ಮೊದಲೇ ತಾರೀಕು ಅಂತ ಫಾರ್ಮ್ಯಾಟ್ ಮಾಡಿಟ್ಟಿದ್ದೆ. ಹಾಗಾಗಿ 1925 ಅಂತ ಟೈಪ್ ಮಾಡಿದ್ದನ್ನು ಅದು ಇಸವಿ ಅಂತ ಓದಲೇ ಇಲ್ಲ, 1925ನೇ ದಿನ ಅಂತ ಓದಿತು. 1925ನೇ ದಿನ ಅಂದರೆ 1905ರ ಏಪ್ರಿಲ್ 8. ಪಿಗ್ಮಿಗೆ ಹಾಕಿದ 1928 ಏಪ್ರಿಲ್ 11 ಆಗಿತ್ತು. ಅಂದರೆ ಎರಡರ ನಡುವಿನ ಮೂರು ವರ್ಷ ಮೂರೇ ದಿನ ಆಗಿ ಕೂತಿದೆ.

ಇದಕ್ಕಿಂತ ಕೆಟ್ಟದ್ದು ಎರಡನೇ ತಪ್ಪು, ಯಾಕಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ನನ್ನ ಲ್ಯಾಪ್‌ಟಾಪ್ ಸೆಟ್ಟಿಂಗ್ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕಾರ್ಪೊರೇಷನ್ ಬ್ಯಾಂಕಿಗೆ 12-03-1906 ಹಾಕಿದ್ದೆ, ಅಂದರೆ ಮಾರ್ಚ್ 12. ಅದು ಡಿಸೆಂಬರ್ 3 ಅಂತ ಓದಿತು. ಕೆನರಾಕ್ಕೆ 01-07-1906 ಹಾಕಿದ್ದೆ, ಜುಲೈ 1. ಅದು ಜನವರಿ 7 ಅಂತ ಓದಿತು. ಎರಡೂ ನಿಜವಾದ ತಾರೀಕಿನ ಹಾಗೇ ಕಾಣ್ತವೆ, ಆದರೆ ಯಾರು ಮೊದಲು ಯಾರು ನಂತರ ಅನ್ನುವುದು ಪೂರ್ತಿ ಉಲ್ಟಾ. ನಾಲ್ಕು ತಿಂಗಳು ತಮ್ಮನಾಗಿದ್ದ ಬ್ಯಾಂಕ್ ಅಣ್ಣ ಆಗಿಬಿಟ್ಟಿತು.

ಕಂಡುಹಿಡಿಯುವುದು ಹೇಗೆ? 19-07-1969 ಸಿಕ್ಕಿಬಿತ್ತು. 19ನೇ ತಿಂಗಳು ಅಂತ ಇಲ್ಲವಲ್ಲ, ಹಾಗಾಗಿ ಅದನ್ನು ತಾರೀಕು ಅಂತ ಒಪ್ಪದೆ ಬರೀ ಅಕ್ಷರ ಅಂತ ಇಟ್ಟುಕೊಂಡಿತು. ತಾರೀಕುಗಳು ಸೆಲ್ಲಿನ ಬಲಕ್ಕೆ ಅಂಟಿಕೊಳ್ತವೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವುದನ್ನೂ ನಂಬಬೇಡಿ.

ಕೊನೆಗೆ ಒಂದು ತಾರೀಕಿನ ಕಾಲಂ ಬದಲು ಮೂರು ಮಾಡಿದೆ: ಇಸವಿ, ತಿಂಗಳು, ದಿನ. ಮೂರೂ ಬರೀ ಸಂಖ್ಯೆ. ಗೊತ್ತಿಲ್ಲದ ತಿಂಗಳು ಖಾಲಿ. ಖಾಲಿ ಇದ್ದದ್ದು ಆ ಇಸವಿಯ ಕೊನೆಗೆ ಹೋಗ್ತದೆ, ಅದು ಕೊನೆಗೆ ನಡೆದದ್ದು ಅಂತ ಅರ್ಥ ಅಲ್ಲ ಅಂತ ನೆನಪಿದ್ದರೆ ಸಾಕು.

3/9

ಈಗ 1906. ಒಂದೇ ಇಸವಿ, ಒಂದೇ ಕರಾವಳಿ, ಎರಡು ಬ್ಯಾಂಕ್.

ಮಾರ್ಚ್ 12ಕ್ಕೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಶುರು ಮಾಡಿದ್ದು ಒಂದು. ಜುಲೈ 1ಕ್ಕೆ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಶುರು ಮಾಡಿದ್ದು ಇನ್ನೊಂದು. ಮೊದಲನೆಯದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, ಎರಡನೆಯದು ಕೆನರಾ ಬ್ಯಾಂಕ್.

"ಮುಂದೆ ಆಯಿತು" ಅಂದದ್ದು ಯಾಕೆ ಗೊತ್ತುಂಟಾ? ಆ ದಿನ ಯಾವ ಬೋರ್ಡಿನಲ್ಲೂ ಈ ಹೆಸರು ಇರಲಿಲ್ಲ. ಉಡುಪಿಯದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್. ಮಂಗಳೂರಿನದರ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಅದು ಕೆನರಾ ಬ್ಯಾಂಕ್ ಲಿಮಿಟೆಡ್ ಆದದ್ದು 1910ರಲ್ಲಿ. ಈಗ ಯೋಚನೆ ಮಾಡಿ, ಯಾರೋ ಹಳೆಯ ಕಾಗದದಲ್ಲಿ "1906, ಕೆನರಾ ಬ್ಯಾಂಕಿಂಗ್..." ಅಂತ ಓದಿದರೆ ಯಾವ ಬ್ಯಾಂಕ್ ಅಂದ್ಕೊಳ್ತಾರೆ? ಕೆನರಾ ಬ್ಯಾಂಕ್ ಅಂತಲೇ. ಆದರೆ ಅದು ಕಾರ್ಪೊರೇಷನ್ ಬ್ಯಾಂಕ್. ನಮ್ಮ ನಾಲ್ವರಲ್ಲಿ ಒಬ್ಬ ಇದೇ ತಪ್ಪು ಮಾಡಿ ಕೆನರಾಕ್ಕೆ ಮಾರ್ಚ್ 12 ಹಾಕಿದ್ದ. ಅವನ ಹೆಸರು ಹೇಳುವುದಿಲ್ಲ, ಟ್ಯಾಗ್ ಕೂಡ ಮಾಡುವುದಿಲ್ಲ. ಅವನಿಗೆ ಗೊತ್ತು.

ಹಾಗಾಗಿ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ: "ಆ ದಿನದ ಹೆಸರು". ಹೆಸರು ಬದಲಾದದ್ದು ದೊಡ್ಡ ಸುದ್ದಿ ಅಂತ ಕಂಡಲ್ಲಿ ಅದಕ್ಕೇ ಬೇರೆ ಸಾಲು ಕೊಟ್ಟೆ. ಒಂದು ಇಸವಿಯ ಕೆಳಗೆ ಎರಡು ಘಟನೆ ಬಂದರೆ ತಿಂಗಳು ಬರೆಯಲೇಬೇಕು. ಇಲ್ಲವಾದರೆ ಯಾವುದನ್ನು ಮೇಲೆ ಬರೆದರೆ ಅದೇ ಮೊದಲು ಅಂತ ಓದುವವರು ತಿಳ್ಕೊಳ್ತಾರೆ.

4/9

ಸಿಂಡಿಕೇಟ್, ಕರ್ನಾಟಕ, ವಿಜಯಾ. ಈ ಮೂರು ಒಂದರ ಹಿಂದೆ ಒಂದು ಬರ್ತವೆ, ಆದರೆ ಒಂದು ದೊಡ್ಡ ಗುಂಡಿ ಉಂಟು.

ಪಟ್ಟಿ ಕಳಿಸಿದವಳೊಬ್ಬಳು ಕರ್ನಾಟಕ ಬ್ಯಾಂಕ್ ಅನ್ನು ಕೊನೆಯ ಕಡೆ, 1970ರ ನಂತರ ಹಾಕಿದ್ದಳು. ಯಾಕೆ ಕೇಳಿದೆ. "ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದೇ 1973ರ ನವೆಂಬರ್ 1ಕ್ಕೆ. ಅದಕ್ಕಿಂತ ಮೊದಲು ಕರ್ನಾಟಕ ಬ್ಯಾಂಕ್ ಇರ್ಲಿಕ್ಕೆ ಸಾಧ್ಯವಾ?" ಅಂದಳು. ಲಾಜಿಕ್ ನೋಡಿದರೆ ಒಳ್ಳೆ ಲಾಜಿಕ್ಕೇ. ತಪ್ಪು ಎಲ್ಲಿ ಅಂದರೆ, ರಾಜ್ಯಕ್ಕೆ ಆ ಹೆಸರು 1973ರಲ್ಲಿ ಬಂತು, ಪದ ಹುಟ್ಟಿದ್ದು ಆಗ ಅಲ್ಲ. ಕರ್ನಾಟಕ ಬ್ಯಾಂಕ್ ಮಂಗಳೂರಿನಲ್ಲಿ ಶುರುವಾದದ್ದು 1924ರ ಫೆಬ್ರವರಿ 18ಕ್ಕೆ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಜ್ಯಕ್ಕೆ ಹೆಸರು ಬರುವ ಹೊತ್ತಿಗೆ ಬ್ಯಾಂಕಿಗೆ ಐವತ್ತು ವರ್ಷ ಆಗ್ತಾ ಬಂದಿತ್ತು.

ಇದರ ಇನ್ನೊಂದು ಮುಖವೂ ಉಂಟು. ನಮ್ಮ ಪುಟದ ಹೆಡ್ಡಿಂಗ್ "ಕರ್ನಾಟಕದ ಬ್ಯಾಂಕುಗಳು". ಆದರೆ ಇವುಗಳಲ್ಲಿ ಮೈಸೂರು ಬ್ಯಾಂಕ್ ಒಂದು ಬಿಟ್ಟು ಉಳಿದದ್ದೆಲ್ಲ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಉಡುಪಿ ಆಗ ಅದೇ ಜಿಲ್ಲೆ. ಹೆಡ್ಡಿಂಗ್ ಬದಲಾಯಿಸಲಿಲ್ಲ, ಕೆಳಗೆ ಒಂದು ಸಾಲು ಸೇರಿಸಿದೆವು.

1925ಕ್ಕೆ ಉಡುಪಿಯಲ್ಲಿ ಮೂರು ಜನ ಸೇರಿದರು. ಡಾಕ್ಟರ್ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ, ಅಂಥ ಸಣ್ಣವರಿಗೆ ಸಾಲ ಕೊಡ್ಲಿಕ್ಕೆ ಅಂತ ಶುರು ಮಾಡಿದ್ದು. ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್. ನೋಡಿ, ಮತ್ತೆ ಕೆನರಾ! ಸಿಂಡಿಕೇಟ್ ಬ್ಯಾಂಕ್ ಲಿಮಿಟೆಡ್ ಅಂತ ಆದದ್ದು 1960ರ ದಶಕದಲ್ಲಿ. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ, ಅಜ್ಜನ ಫೋಟೋಗೆ ಬೇಕು.

1928ಕ್ಕೆ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಬಾಗಿಲಿಗೆ, ಅಂಗಡಿಗೆ ಬಂದು ತಗೊಂಡು ಹೋಗ್ತಾರೆ. ಮೀನು ಮಾರುವವರು, ಬೀಡಿ ಕಟ್ಟುವವರು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಅಜ್ಜ ಆ ಚೀಲದಲ್ಲಿ ಹೊತ್ತದ್ದು ಇದನ್ನೇ.

1931ರ ಅಕ್ಟೋಬರ್ 23ಕ್ಕೆ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್. ಇದರ ತಾರೀಕಲ್ಲಿ ಗಲಾಟೆ ಇರಲಿಲ್ಲ, ಪುಣ್ಯಕ್ಕೆ.

5/9

ಮೈಸೂರು ಬ್ಯಾಂಕ್. ಬೆಂಗಳೂರಿನವರೇ, ನಿಮ್ಮ ಸರ್ಕಲ್ಲಿನ ಹೆಸರು.

ಪಟ್ಟಿಯಲ್ಲಿ ಇದ್ದದ್ದು "ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಶುರು". ಒಬ್ಬರು 1913 ಅಂತ ಹಾಕಿದ್ದರು, ಇನ್ನೊಬ್ಬರು 1959, ಮತ್ತೊಬ್ಬರು 1960. ಮೂವರೂ ಸುಳ್ಳು ಹೇಳ್ತಾ ಇಲ್ಲ. ಮೂರು ಬೇರೆ ಬೇರೆ ಘಟನೆಯನ್ನು ಒಂದೇ ಸಾಲಲ್ಲಿ ತುರುಕಿದ್ದಕ್ಕೆ ಜಗಳ ಬಂದದ್ದು.

1913ಕ್ಕೆ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಬೆಂಬಲದಿಂದ ಬ್ಯಾಂಕ್ ಆಫ್ ಮೈಸೂರು ಲಿಮಿಟೆಡ್ ಹುಟ್ಟಿತು, ಅಕ್ಟೋಬರ್ 2ಕ್ಕೆ ವ್ಯವಹಾರ ಶುರು. 1959ಕ್ಕೆ ದೆಹಲಿಯಲ್ಲಿ ಒಂದು ಕಾಯ್ದೆ ಆಯಿತು, ಸಂಸ್ಥಾನಗಳ ಕಾಲದ ಕೆಲವು ಬ್ಯಾಂಕುಗಳು ಎಸ್‌ಬಿಐಯ ಅಂಗಸಂಸ್ಥೆ ಆಗಬೇಕು ಅಂತ. ಆ ಕಾಯ್ದೆಯ ಕೆಳಗೆ ಇದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆದದ್ದು 1960ರ ಮಾರ್ಚ್‌ನಲ್ಲಿ.

ಇಲ್ಲಿ ಒಂದು ಟ್ರಿಕ್ ಕಲಿತೆ. ಒಂದು ಘಟನೆ ನಡೀಬೇಕಾದರೆ ಅದಕ್ಕಿಂತ ಮೊದಲು ಏನು ಆಗಿರಲೇಬೇಕು ಅಂತ ಕೇಳಿ. ಎಸ್‌ಬಿಐಯ ಅಂಗಸಂಸ್ಥೆ ಆಗಬೇಕಾದರೆ ಎಸ್‌ಬಿಐ ಇರಬೇಕು. ಎಸ್‌ಬಿಐ ಬಂದದ್ದು 1955ರ ಜುಲೈ 1ಕ್ಕೆ. ಹಾಗಾದರೆ "ಸ್ಟೇಟ್ ಬ್ಯಾಂಕ್" ಅನ್ನುವ ಹೆಸರಿನ ಯಾವ ಸಾಲೂ 1955ಕ್ಕಿಂತ ಮೇಲೆ ಕೂರಲಿಕ್ಕೆ ಸಾಧ್ಯ ಇಲ್ಲ. ಯಾವ ತಾರೀಕೂ ನೆನಪಿಲ್ಲದಿದ್ದರೂ 1913 ತಪ್ಪು ಅಂತ ಹೇಳಬಹುದು. ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ಕೊಟ್ಟು ಕಾಲಾನುಕ್ರಮ ಕೇಳ್ತಾರಲ್ಲ, ಅಲ್ಲಿ ನನ್ನನ್ನು ಎರಡು ಸಲ ಬಚಾವ್ ಮಾಡಿದೆ ಇದು.

(ಜುಲೈ 1: ಕೆನರಾ 1906, ಎಸ್‌ಬಿಐ 1955. ನಡುವೆ 1949ರ ಜುಲೈ 1ಕ್ಕೆ ಸಿಎ ಇನ್‌ಸ್ಟಿಟ್ಯೂಟ್ ಕೂಡ. ಬರೀ "ಜುಲೈ 1" ಅಂತ ನೆನಪಿಟ್ಟುಕೊಂಡರೆ ಕಥೆ ಮುಗೀತು.)

6/9

ಈಗ ನಿಜವಾದ ಗೋಜಲು. 1969 ಮತ್ತು 1970. ಇದಕ್ಕೆ ನಾನು ಮೂರು ರಾತ್ರಿ ಕೊಟ್ಟಿದ್ದೇನೆ, ನೀವು ಮೂರು ನಿಮಿಷ ಕೊಡಿ.

1969ರ ಜುಲೈ 19, ಶನಿವಾರ. 50 ಕೋಟಿಗಿಂತ ಕಡಿಮೆ ಇಲ್ಲದಷ್ಟು ಠೇವಣಿ ಇದ್ದ 14 ಬ್ಯಾಂಕುಗಳನ್ನು ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ತಗೊಂಡಿತು. ಸಂಸತ್ತಿನ ಅಧಿವೇಶನ ಎರಡೇ ದಿನದಲ್ಲಿ, 21ಕ್ಕೆ ಶುರುವಾಗಬೇಕಿತ್ತು, ಅಷ್ಟೂ ಕಾಯಲಿಲ್ಲ. ಅದೇ ರಾತ್ರಿ ಪ್ರಧಾನಿ ಇಂದಿರಾ ಗಾಂಧಿ ರೇಡಿಯೋದಲ್ಲಿ ಜನಕ್ಕೆ ಹೇಳಿದರು. ಆ 14ರಲ್ಲಿ ನಮ್ಮ ಕರಾವಳಿಯದ್ದು ಎರಡು: ಕೆನರಾ, ಸಿಂಡಿಕೇಟ್.

ಆಗಸ್ಟ್‌ನಲ್ಲಿ ಸುಗ್ರೀವಾಜ್ಞೆಯ ಜಾಗಕ್ಕೆ ಕಾಯ್ದೆ ಬಂತು. ಆರ್.ಸಿ. ಕೂಪರ್ ಅನ್ನುವ ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. 1970ರ ಫೆಬ್ರವರಿ 10ಕ್ಕೆ 11 ನ್ಯಾಯಮೂರ್ತಿಗಳಲ್ಲಿ 10 ಜನ ಆ ಕಾಯ್ದೆ ನಿಲ್ಲುವುದಿಲ್ಲ ಅಂದರು. ಈ 14 ಬ್ಯಾಂಕುಗಳಿಗೆ ಮಾತ್ರ ಬ್ಯಾಂಕಿಂಗ್ ಮಾಡಬಾರದು ಅಂದದ್ದು ತಾರತಮ್ಯ, ಪರಿಹಾರ ಲೆಕ್ಕ ಹಾಕಿದ ರೀತಿಯೂ ಸರಿ ಇಲ್ಲ ಅಂತ. ನಾಲ್ಕೇ ದಿನದಲ್ಲಿ, ಫೆಬ್ರವರಿ 14ಕ್ಕೆ, ಹೊಸ ಸುಗ್ರೀವಾಜ್ಞೆ. ಮಾರ್ಚ್ ಕೊನೆಗೆ ಹೊಸ ಕಾಯ್ದೆ, ಅದರ ಹೆಸರಲ್ಲೇ 1970 ಉಂಟು.

ಇಲ್ಲಿಯವರೆಗೆ ಸರಿ. ಆದರೆ ಹೊಸ ಕಾಯ್ದೆ ಒಳಗೆ ಹೇಳ್ತದೆ: ಈ ಕಾಯ್ದೆ 1969ರ ಜುಲೈ 19ರಿಂದಲೇ ಜಾರಿಯಲ್ಲಿತ್ತು ಅಂತ ಭಾವಿಸಬೇಕು! ಅಂದರೆ 1970ರಲ್ಲಿ ಬರೆದ ಕಾನೂನು ಹಿಂದೆ ಹೋಗಿ ಎಂಟು ತಿಂಗಳ ಹಿಂದಿನ ದಿನದಲ್ಲಿ ಕೂತಿತು. ಯಾಕೆ? ಹಳೆಯ ಕಾಯ್ದೆ ಬಿದ್ದುಹೋದರೆ ಜುಲೈ 19ರಿಂದ ಬ್ಯಾಂಕುಗಳು ಮಾಡಿದ ವ್ಯವಹಾರ ಯಾರ ಹೆಸರಲ್ಲಿ ಆಯ್ತು ಅನ್ನುವ ಪ್ರಶ್ನೆ ಏಳ್ತದೆ. ಆ ತೂತು ಮುಚ್ಚಬೇಕಿತ್ತು.

ನಾನು ಶೀಟಲ್ಲಿ "ಜಾರಿಯಾದ ದಿನ" ಹಾಕಿದ್ದೆ. ಸಾರ್ಟ್ ಮಾಡಿದಾಗ 1970ರ ಕಾಯ್ದೆ ಸುಪ್ರೀಂ ಕೋರ್ಟ್ ತೀರ್ಪಿಗಿಂತ ಮೇಲೆ ಬಂತು. ಓದಿದರೆ ಏನನ್ನಿಸ್ತದೆ? ಕೋರ್ಟ್ ಈ ಕಾಯ್ದೆಯನ್ನೇ ಹೊಡೆದು ಹಾಕಿತು ಅಂತ. ನಿಜಕ್ಕೆ ಪೂರ್ತಿ ವಿರುದ್ಧ, ಕೋರ್ಟ್ ಹೊಡೆದದ್ದಕ್ಕೇ ಈ ಕಾಯ್ದೆ ಹುಟ್ಟಿದ್ದು. ಮಗು ಹುಟ್ಟಿದ ಮೇಲೆ ತಾಯಿ ಹುಟ್ಟಿದ ಹಾಗೆ.

ಹಾಗಾಗಿ ನನ್ನ ತೀರ್ಮಾನ: ಇಸವಿಯ ಹೆಡ್ಡಿಂಗ್ ಕೆಳಗೆ ಹೋಗಬೇಕಾದ್ದು ಮನುಷ್ಯರು ಆ ಕೆಲಸ ಮಾಡಿದ ದಿನ. ಕಾಗದದಲ್ಲಿ ಅದು ಯಾವ ದಿನದಿಂದ ಲೆಕ್ಕ ಅನ್ನುವುದು ಪಕ್ಕದಲ್ಲಿ ಟಿಪ್ಪಣಿ. ವಕೀಲರಿಗೆ ಉಲ್ಟಾ ಬೇಕಾಗಬಹುದು, ಅವರ ಪಟ್ಟಿ ಬೇರೆ.

7/9

1980ರ ಏಪ್ರಿಲ್ 15ಕ್ಕೆ ಇನ್ನೂ 6 ಬ್ಯಾಂಕ್ ಸರ್ಕಾರಕ್ಕೆ ಹೋದವು. ಈ ಸಲ ಗೆರೆ 200 ಕೋಟಿ ಠೇವಣಿ. 1969ರಲ್ಲಿ ಚಿಕ್ಕದಾಗಿದ್ದು ತಪ್ಪಿಸಿಕೊಂಡಿದ್ದ ಕಾರ್ಪೊರೇಷನ್ ಮತ್ತು ವಿಜಯಾ ಈ ಆರರಲ್ಲಿ ಬಂದವು.

ಈಗ ಆ ಕೊನೆಯ ಸಾಲಿಗೆ ಬನ್ನಿ: "1969: ನಮ್ಮ ಐದೂ ಬ್ಯಾಂಕ್ ರಾಷ್ಟ್ರೀಕರಣ". ಭಾಷಣಗಳಲ್ಲಿ ಕೇಳಿ ಕೇಳಿ ನಾನೂ ಹಾಗೇ ನಂಬಿದ್ದೆ. ಇಸವಿ ಹಾಕಿ ಹರಡಿದರೆ ಐದು ಒಂದು ಕಡೆ ನಿಲ್ಲುವುದೇ ಇಲ್ಲ. ಮೈಸೂರು ಬ್ಯಾಂಕ್ 1960ರಲ್ಲೇ ಎಸ್‌ಬಿಐ ಕೈಗೆ ಹೋಗಿತ್ತು. 1969ಕ್ಕೆ ಎರಡು. 1980ಕ್ಕೆ ಎರಡು. ಮೂರು ಇಸವಿ, ಇಪ್ಪತ್ತು ವರ್ಷ. ಕರ್ನಾಟಕ ಬ್ಯಾಂಕ್ ಯಾವುದರಲ್ಲೂ ಇಲ್ಲ, ಅದು ಇವತ್ತಿಗೂ ಖಾಸಗಿ. ನಮ್ಮ ಪಟ್ಟಿಯಲ್ಲಿ ಒಂದೇ ಸಾಲಿನ ಬ್ಯಾಂಕ್ ಅದು. ಹಾಗಾಗಿ ಆ ಸಾಲಿಗೆ ಜಾಗ ಹುಡುಕುವ ಬದಲು ಹೊಡೆದೇ ಹಾಕಿದೆ. ಜೋಡಿಸುವಾಗ ಎಲ್ಲೂ ಕೂರದ ಸಾಲು ಸಿಕ್ಕಿದರೆ ಸಾಲೇ ತಪ್ಪಿರಬಹುದು ಅಂತ ನೋಡಬೇಕು.

ವಿಲೀನಗಳು ಸುಲಭ ಅಂದ್ಕೊಂಡಿದ್ದೆ, ನಾವೇ ನೋಡಿದ್ದಲ್ವಾ. ಆದರೂ ಎರಡೆರಡು ಇಸವಿ ಬಂದವು. ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗ್ತದೆ ಅಂತ ಘೋಷಣೆ ಆದದ್ದು 2018ರ ಸೆಪ್ಟೆಂಬರ್, ನಿಜಕ್ಕೆ ಹೋದದ್ದು 2019ರ ಏಪ್ರಿಲ್ 1. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಅಂತ ಘೋಷಣೆ 2019ರ ಆಗಸ್ಟ್ 30, ಆದದ್ದು 2020ರ ಏಪ್ರಿಲ್ 1. ಪೇಪರ್ ಕಟಿಂಗ್ ನೋಡಿ ಇಸವಿ ಹಾಕಿದವರು ಒಂದು ವರ್ಷ ಮೊದಲು ಹಾಕಿದ್ದರು. ಇಲ್ಲಿ ನಾನು ಆದ ದಿನ ಇಟ್ಟೆ, ಹೇಳಿದ ದಿನ ಅಲ್ಲ.

ಎಲ್ಲ ಏಪ್ರಿಲ್ 1ಕ್ಕೇ ಯಾಕೆ ಅಂತ ಬಿಕಾಂನವರಿಗೆ ಹೇಳಬೇಕಾಗಿಲ್ಲ, ಲೆಕ್ಕದ ವರ್ಷ ಅಲ್ಲಿಂದ ಶುರು. ಆದರೆ ಅದೇ ಕಾರಣಕ್ಕೆ ಹುಷಾರು: ಹೆಡ್ಡಿಂಗ್ 2019-20 ಅಂತ ಹಾಕಿದರೆ ವಿಜಯಾ ಅದರ ಮೊದಲ ದಿನ ಬರ್ತದೆ, ಸಿಂಡಿಕೇಟ್ ಅದರಲ್ಲಿ ಬರುವುದೇ ಇಲ್ಲ, ಒಂದು ದಿನದಲ್ಲಿ ತಪ್ಪಿ 2020-21ಕ್ಕೆ ಹೋಗ್ತದೆ. ನಾವು ಕ್ಯಾಲೆಂಡರ್ ಇಸವಿ ಇಟ್ಟೆವು.

ಅಜ್ಜ ಕೆಲಸ ಮಾಡಿದ ಬ್ಯಾಂಕಿನ ಹೆಸರು ಹೋದ ದಿನ ದೇಶ ಇಡೀ ಲಾಕ್‌ಡೌನ್. ಅವರಿಗೆ ಹೋಗಿ ಬೋರ್ಡ್ ಒಮ್ಮೆ ನೋಡಿ ಬರಬೇಕು ಅಂತ ಇತ್ತು. ಯಾರೂ ಬಿಡಲಿಲ್ಲ. ಜಗಲಿಯಲ್ಲಿ ಕೂತು ಹಳೆಯ ಚೀಲದ ಬಕಲ್ ಒರೆಸ್ತಾ ಇದ್ದರು.

8/9

ಗೋಡೆಗೆ ಹೋದ ಪಟ್ಟಿ. ಸ್ಕ್ರೀನ್‌ಶಾಟ್ ತೆಗೀಬಹುದು.

1906
ಮಾರ್ಚ್ 12: ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಮುಂದೆ ಕಾರ್ಪೊರೇಷನ್ ಬ್ಯಾಂಕ್)
ಜುಲೈ 1: ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ (1910ರಿಂದ ಕೆನರಾ ಬ್ಯಾಂಕ್)

1913
ಅಕ್ಟೋಬರ್ 2: ಬ್ಯಾಂಕ್ ಆಫ್ ಮೈಸೂರು ಬಾಗಿಲು ತೆರೆಯಿತು

1924
ಫೆಬ್ರವರಿ 18: ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್

1925
ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ (1960ರ ದಶಕದಿಂದ ಸಿಂಡಿಕೇಟ್ ಬ್ಯಾಂಕ್)

1928
ಪಿಗ್ಮಿ

1931
ಅಕ್ಟೋಬರ್ 23: ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್

1960
ಮಾರ್ಚ್: ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು (ಕಾಯ್ದೆ 1959ರದ್ದು)

1969
ಜುಲೈ 19: 14 ಬ್ಯಾಂಕುಗಳ ರಾಷ್ಟ್ರೀಕರಣ, ಕೆನರಾ ಮತ್ತು ಸಿಂಡಿಕೇಟ್ ಸೇರಿ
ಆಗಸ್ಟ್: ಮೊದಲ ಕಾಯ್ದೆ

1970
ಫೆಬ್ರವರಿ 10: ಆ ಕಾಯ್ದೆ ಸುಪ್ರೀಂ ಕೋರ್ಟಲ್ಲಿ ಬಿತ್ತು
ಫೆಬ್ರವರಿ 14: ಹೊಸ ಸುಗ್ರೀವಾಜ್ಞೆ
ಮಾರ್ಚ್: ಹೊಸ ಕಾಯ್ದೆ (1969ರ ಜುಲೈ 19ರಿಂದ ಲೆಕ್ಕ)

1980
ಏಪ್ರಿಲ್ 15: 6 ಬ್ಯಾಂಕುಗಳ ರಾಷ್ಟ್ರೀಕರಣ, ಕಾರ್ಪೊರೇಷನ್ ಮತ್ತು ವಿಜಯಾ ಸೇರಿ

2017
ಏಪ್ರಿಲ್ 1: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಯಲ್ಲಿ ವಿಲೀನ

2019
ಏಪ್ರಿಲ್ 1: ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ

2020
ಏಪ್ರಿಲ್ 1: ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಲ್ಲಿ ವಿಲೀನ

1931ರಿಂದ 1960ಕ್ಕೆ ಒಂದೇ ಹಾರು. ಆ ನಡುವೆ ಏನೂ ಆಗಲಿಲ್ಲ ಅಂತ ಅಲ್ಲ, ನಮ್ಮ ನಾಲ್ವರು ಏನೂ ಕಳಿಸಲಿಲ್ಲ ಅಂತ.

9/9

ಫೋಟೋಗೆ ವಾಪಸ್.

ಬೋರ್ಡಿನಲ್ಲಿ "...ಕೇಟ್ ಬ್ಯಾಂಕ್" ಅಂತ ಇದೆ. ಅಂದರೆ ಹೆಸರು ಬದಲಾದ ಮೇಲೆ, 1960ರ ದಶಕಕ್ಕಿಂತ ಹಿಂದೆ ಅಲ್ಲ. ಅದು ಕೆಳಗಿನ ಗೆರೆ.

ಮೇಲಿನ ಗೆರೆ ಆ ಒಂದಕ್ಷರದಲ್ಲಿ ಉಂಟು: "ಲಿ." ಲಿಮಿಟೆಡ್ ಅಂದರೆ ಷೇರುದಾರರ ಕಂಪನಿ. ರಾಷ್ಟ್ರೀಕರಣದಲ್ಲಿ ಸಿಂಡಿಕೇಟ್ ಬ್ಯಾಂಕ್ ಲಿಮಿಟೆಡ್ ಅನ್ನುವ ಕಂಪನಿಯ ವ್ಯವಹಾರ ಸಿಂಡಿಕೇಟ್ ಬ್ಯಾಂಕ್ ಅನ್ನುವ ಹೊಸ ಸಂಸ್ಥೆಗೆ ಹೋಯಿತು, ಹೆಸರಿಂದ ಲಿಮಿಟೆಡ್ ಬಿದ್ದುಹೋಯಿತು. ಹಾಗಾದರೆ ಅತ್ತೆಯ 1971 ಕಷ್ಟ. ಅಸಾಧ್ಯ ಅಂತ ಹೇಳುವುದಿಲ್ಲ, ಹಳ್ಳಿ ಶಾಖೆಯಲ್ಲಿ ಹಳೆಯ ಬೋರ್ಡ್ ಸ್ವಲ್ಪ ದಿನ ಹಾಗೇ ನೇತಾಡಿರಬಹುದು. ಆದರೆ ಎರಡು ವರ್ಷ?

ದೊಡ್ಡಪ್ಪನ "ಆ ದಿನವೇ ತೆಗೆದದ್ದು"? ಸುದ್ದಿ ಜನಕ್ಕೆ ಸಿಕ್ಕಿದ್ದು ರಾತ್ರಿ ರೇಡಿಯೋದಲ್ಲಿ. ಫೋಟೋದಲ್ಲಿ ಅಜ್ಜನ ನೆರಳು ಕಾಲಬುಡದಲ್ಲೇ ಬಿದ್ದಿದೆ, ನಡು ಮಧ್ಯಾಹ್ನ. ಮತ್ತೆ ಜುಲೈ ಮೂರನೇ ವಾರ, ನಮ್ಮ ಉಡುಪಿ ಕಡೆ! ನೆಲ ಒಣಗಿ ಧೂಳು ಕಾಣ್ತಾ ಉಂಟು, ಕೊಡೆ ಇಲ್ಲ. ಇದು ಬೇಸಗೆಯ ಫೋಟೋ ಮಾರಾಯ್ರೆ.

ಇಷ್ಟು ಹೇಳಿದ್ದಕ್ಕೆ ದೊಡ್ಡಪ್ಪ ಮುಖ ಊದಿಸಿಕೊಂಡರು. "ಹಾಗಾದ್ರೆ ಅಪ್ಪ ಸುಳ್ಳು ಹೇಳಿದ್ದಾ?" ಅಂದರು. ನನಗೆ ಉತ್ತರ ತೋಚಲಿಲ್ಲ. ಅಜ್ಜ ಎರಡು ಫೋಟೋ ತೆಗೆಸಿಕೊಂಡಿರಬಹುದು, ಇನ್ನೊಂದು ಕಳೆದಿರಬಹುದು. ದೊಡ್ಡಪ್ಪನೇ ಆ ವರ್ಷ ತೊಟ್ಟಿಲಲ್ಲಿ ಇದ್ದವರು, ಅವರು ಕೇಳಿದ್ದು ಎಷ್ಟೋ ವರ್ಷ ಆದ ಮೇಲೆ.

ಅಜ್ಜಿ ಅಲ್ಲಿಯವರೆಗೆ ಮಾತಾಡದೆ ಕೂತಿದ್ದರು. ಫೋಟೋ ತಗೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಕೈಯಲ್ಲಿ ವಾಚ್ ಇಲ್ಲ ಅಲ್ವಾ?"

"ಇಲ್ಲ ಅಜ್ಜಿ."

"ವಾಚ್ ನನ್ನ ಅಪ್ಪ ಮದುವೆಗೆ ಕೊಟ್ಟದ್ದು. ಆಮೇಲೆ ಮಲಗುವಾಗ ಕೂಡ ತೆಗೀತಿರ್ಲಿಲ್ಲ ಅವರು."

ಅವರ ಮದುವೆ 1968ರ ಮೇ ತಿಂಗಳು. ವಾಚ್ ಇಲ್ಲದ್ದು ಗಟ್ಟಿ ಸಾಕ್ಷಿ ಅಲ್ಲ, ರಿಪೇರಿಗೆ ಕೊಟ್ಟಿರಬಹುದು ಅಂತ ಹೇಳಲಿಕ್ಕೆ ಬಾಯಿ ತೆರೆದೆ, ಮತ್ತೆ ಮುಚ್ಚಿದೆ.

ಫ್ರೇಮ್ ಅಂಗಡಿಯವರು ಇಸವಿ ಕೇಳಿದಾಗ "1968ರ ಮೊದಲು" ಅಂತ ಬರೆಸಿದೆ. "ಹಾಗೆಲ್ಲ ಯಾರೂ ಬರೆಸುವುದಿಲ್ಲ" ಅಂದರು ಅವರು. ಬರೆದುಕೊಟ್ಟರು. ನಾಲ್ಕನೇ ಸ್ಲೈಡಲ್ಲಿ ಉಂಟು, ನೋಡಿ.